ಗದಗದಲ್ಲಿ ರೊಟ್ಟಿ ಖಾನಾವಳಿ: ವ್ಯಾಪಾರ ಯೋಜನೆ ಮತ್ತು ಸಾಲದ ಅರ್ಜಿ

ಶಾಖಾ ವ್ಯವಸ್ಥಾಪಕರಿಗೆ,
ನಮಸ್ಕಾರ ಸರ್.

ಮುಳಗುಂದ ನಾಕಾ ಹತ್ತಿರ 28 ಜನ ಕೂತು ಉಣ್ಣುವಷ್ಟು ಜಾಗದಲ್ಲಿ ಖಾನಾವಳಿ ತೆರೆಯಲು ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 4,50,000 ರೂಪಾಯಿ ಸಾಲ ಕೇಳುತ್ತಿದ್ದೇನೆ. ಐದು ವರ್ಷದಲ್ಲಿ ತೀರಿಸುತ್ತೇನೆ.

ಒಂಬತ್ತು ವರ್ಷದಿಂದ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದೇನೆ, ದಿನಕ್ಕೆ 300. ಒಬ್ಬರು ನಾಲ್ಕು ತಿಂಗಳ ಬಾಕಿ ಕೊಡದೆ ಅಂಗಡಿ ಮುಚ್ಚಿದರು. ಅದಕ್ಕೇ ನನ್ನಲ್ಲಿ ಉದ್ರಿ ಇರುವುದಿಲ್ಲ.

ಶುರುವಿನ ಖರ್ಚು 6,50,000. ಅಂಗಡಿ ಅಡ್ವಾನ್ಸ್ 1,00,000; ಒಲೆ, ಹಂಚು, ಪಾತ್ರೆ, ಗ್ರೈಂಡರ್ 1,60,000; ಟೇಬಲ್, ಬೆಂಚು, ಫ್ಯಾನು 1,10,000; ಫ್ರಿಜ್ 45,000; ನೆಲ, ಹೊಗೆ ಕೊಳವೆ ರಿಪೇರಿ 85,000; ಲೈಸೆನ್ಸ್, ಬೋರ್ಡು 20,000; ಮೊದಲ ದಿನಗಳಿಗೆ ಕೈಯಲ್ಲಿ 1,30,000. ಇದರಲ್ಲಿ 2,00,000 ನನ್ನದು.

ಊಟ 90 ರೂಪಾಯಿ: ಎರಡು ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ. ಕೆಜಿ ಹಿಟ್ಟಿಗೆ ನನ್ನ ಕೈಯಲ್ಲಿ 12 ರೊಟ್ಟಿ ಬರುತ್ತವೆ. ಗ್ಯಾಸೂ ಸೇರಿ ಊಟಕ್ಕೆ 50 ರೂಪಾಯಿ ಬೀಳುತ್ತದೆ, 40 ಉಳಿಯುತ್ತದೆ. ಹಿಂಗಾರಿ ಮಾಲದಂಡಿ ಜೋಳವನ್ನು ಸುಗ್ಗಿಯಲ್ಲೇ ಕೊಂಡು, ಬೇವಿನ ಸೊಪ್ಪು ಹಾಕಿ ಇಡುತ್ತೇನೆ. ಬೇಸಿಗೆಯಲ್ಲಿ ಬದನೆಕಾಯಿ ತುಟ್ಟಿಯಾದರೆ ಕಾಳು ಜಾಸ್ತಿ ಮಾಡುತ್ತೇನೆ, ರೇಟು ಏರಿಸುವುದಿಲ್ಲ.

ಊಟದ ಲೆಕ್ಕ ಬಿಟ್ಟು ತಿಂಗಳ ಖರ್ಚು 80,000. ಬಾಡಿಗೆ 15,000, ಮೂವರ ಸಂಬಳ 35,000, ಕರೆಂಟು ಮತ್ತು ನೀರು 5,000, ನಿಮ್ಮ ಕಂತು ಶೇ 11 ಬಡ್ಡಿಯಂತೆ ಸುಮಾರು 9,800, ನನ್ನ ಮನೆಗೆ 12,000, ಚಿಲ್ಲರೆ 3,200. ಮನೆ ಖರ್ಚನ್ನು ಬರೆಯದೆ ಲಾಭ ತೋರಿಸಬಹುದಿತ್ತು. ಆದರೆ ಉಣ್ಣದೆ ಇರೋಕಾಗಲ್ಲ, ಅಲ್ವಾ?

80,000ವನ್ನು 40ರಿಂದ ಭಾಗಿಸಿದರೆ 2,000 ಊಟ. 26 ದಿನಕ್ಕೆ ಹಂಚಿದರೆ ದಿನಕ್ಕೆ 77. ಅಂದರೆ ತಿಂಗಳಿಗೆ 1,80,000 ವ್ಯಾಪಾರವಾದರೆ ಅಸಲಿಗೆ ಅಸಲು.

77 ಊಟ ಹೋಗುತ್ತವೆಯೇ? ಇದೇ ನನಗೂ ಇದ್ದ ಅನುಮಾನ. ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ ಒಂದು ವಾರ ಮಧ್ಯಾಹ್ನ ಕೂತು ಎಣಿಸಿದೆ. ಪಕ್ಕದ ಖಾನಾವಳಿಗೆ ಎರಡು ತಾಸಿನಲ್ಲಿ 110ಕ್ಕೆ ಕಡಿಮೆ ಜನ ಬಂದ ದಿನ ಒಂದೇ, ಅವತ್ತು ಮಳೆ. ಜಾಗ ಸಿಗದೆ ದಿನಾ ಹದಿನೈದಿಪ್ಪತ್ತು ಜನ ವಾಪಸ್ ಹೋಗುತ್ತಿದ್ದರು. ಅಲ್ಲಿ ರಾತ್ರಿ ಊಟ ಇಲ್ಲ. ನಾನು ರಾತ್ರಿಯೂ ತೆರೆದಿರುತ್ತೇನೆ.

ಆದರೂ ಮೊದಲ ಮೂರು ತಿಂಗಳು ದಿನಕ್ಕೆ 60 ಊಟ ಅಂತಲೇ ಹಿಡಿದಿದ್ದೇನೆ. ತಿಂಗಳಿಗೆ 17,600 ಕಡಿಮೆ ಬೀಳುತ್ತದೆ, ಮೂರು ತಿಂಗಳಿಗೆ 52,800. ಕೈಯಲ್ಲಿಟ್ಟ ಹಣದಿಂದ ತುಂಬುತ್ತೇನೆ. ಆಮೇಲಿನ ಮೂರು ತಿಂಗಳು 85 ಊಟ, ತಿಂಗಳಿಗೆ 8,400 ಉಳಿತಾಯ. ಏಳನೇ ತಿಂಗಳಿಂದ 105, ಉಳಿತಾಯ 29,200. ವರ್ಷದ ವ್ಯಾಪಾರ 24,92,100. 20 ಲಕ್ಷ ದಾಟುವುದರಿಂದ ಜಿಎಸ್‌ಟಿ ನೋಂದಣಿ ಮಾಡಿಸುತ್ತೇನೆ; ಆ ಶೇ 5 ತೆರಿಗೆ 90ರ ಮೇಲೆ ಬೇರೆ.

ಬಾಡಿಗೆ ಕರಾರು, ಕೊಟೇಷನ್‌ಗಳು, ಒಂದು ವರ್ಷದ ಪಾಸ್‌ಬುಕ್ ಪ್ರತಿ, ರೊಟ್ಟಿ ಲೆಕ್ಕದ ನೋಟ್‌ಬುಕ್ ಜೊತೆಗಿಟ್ಟಿದ್ದೇನೆ. ನೋಟ್‌ಬುಕ್‌ಗೆ ಅಲ್ಲಲ್ಲಿ ಹಿಟ್ಟು ಅಂಟಿದೆ, ಅಂಕಿ ಓದಲು ಬರುತ್ತವೆ.

ಇಂತಿ ಅರ್ಜಿದಾರಳು,
ಗಿರಿಜಾ, ಬೆಟಗೇರಿ