ವಿಷಯ: ಶೇರ್ಡ್ ಸರ್ವರ್‌ನಲ್ಲಿ ದಿನಾ ಬೆಳಗಿನ ಜಾವ ಸ್ಟಾಕ್ ವರದಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಕೋರಿ

ದಿನಾಂಕ: 9 ಜೂನ್ 2025

ಗೆ,
ಮುಖ್ಯಸ್ಥರು, ಐಟಿ ವಿಭಾಗ

ನಮಸ್ಕಾರ ಸರ್,

ನಮ್ಮ ಗೋಡೌನ್‌ನಿಂದ ಮೊದಲ ಲಾರಿ ಬೆಳಿಗ್ಗೆ ಆರೂವರೆಗೆ ಹೊರಡುತ್ತದೆ. ಯಾವ ಮಾಲು ಎಷ್ಟಿದೆ, ಯಾವ ಆರ್ಡರ್ ಬಾಕಿ ಇದೆ ಅನ್ನೋ ಪಟ್ಟಿಯನ್ನು ಈಗ ಒಬ್ಬರು ಆರು ಗಂಟೆಗೇ ಬಂದು ಕೈಯಲ್ಲಿ ತೆಗೆಯುತ್ತಾರೆ. ಅವರು ರಜೆ ಹಾಕಿದರೆ ಲಾರಿ ನಿಂತಲ್ಲೇ ನಿಲ್ಲುತ್ತದೆ. ಈ ಪಟ್ಟಿ ತೆಗೆಯುವ ಪೈಥಾನ್ ಸ್ಕ್ರಿಪ್ಟ್ ನಮ್ಮಲ್ಲಿ ಸಿದ್ಧವಿದೆ. ಅದನ್ನು ಶೇರ್ಡ್ ಸರ್ವರ್‌ನಲ್ಲಿ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 4:30ಕ್ಕೆ ಓಡಿಸಲು ಅನುಮತಿ ಬೇಕು. ನಮ್ಮ ಪಿಸಿಯಲ್ಲೇ ಹಾಕೋಣ ಅಂದರೆ ರಾತ್ರಿ ಅವನ್ನೆಲ್ಲ ಆಫ್ ಮಾಡುತ್ತಾರೆ.

ಕ್ರಾನ್‌ನಲ್ಲಿ ಹಾಕಬೇಕಾದ ಸಾಲು ಇದು:

```
0 23 * * 0-5 flock -n /srv/despatch/job.lock timeout 15m nice -n 10 python3 /srv/despatch/stock.py >> /srv/despatch/job.log 2>&1
```

23 ಗಂಟೆ, ಭಾನುವಾರದಿಂದ ಶುಕ್ರವಾರ ಅಂತ ಇರುವುದು ತಪ್ಪಲ್ಲ. ಸರ್ವರ್ ಗಡಿಯಾರ ಯುಟಿಸಿಯಲ್ಲಿದೆ. ನಮ್ಮ ಸೋಮವಾರ ಬೆಳಿಗ್ಗೆ 4:30 ಅಂದರೆ ಅದಕ್ಕೆ ಇನ್ನೂ ಭಾನುವಾರ ರಾತ್ರಿ 11. ನಿಮ್ಮ ಬ್ಯಾಕಪ್ ಬೆಳಗಿನ ಜಾವ ಮೂರು ಗಂಟೆಯೊಳಗೆ ಮುಗಿಯುತ್ತದೆ ಅಂತ ಕೇಳಿ ತಿಳಿದುಕೊಂಡೇ ಈ ಹೊತ್ತು ಆರಿಸಿದ್ದೇವೆ.

ಬೇರೆ ವಿಭಾಗದವರೂ ಅದೇ ಸರ್ವರ್ ಬಳಸುತ್ತಾರೆ, ಹಾಗಾಗಿ ಲೋಡ್ ಬಗ್ಗೆ ನೀವು ಕೇಳೇ ಕೇಳುತ್ತೀರಿ. ಕಳೆದ ತಿಂಗಳ ಡೇಟಾದ ಪ್ರತಿಯ ಮೇಲೆ ಓಡಿಸಿದಾಗ ಸುಮಾರು ನಾಲ್ಕು ನಿಮಿಷ ಹಿಡಿಯಿತು, ಮೆಮೊರಿ 300 ಎಂಬಿ ದಾಟಲಿಲ್ಲ. ಹದಿನೈದು ನಿಮಿಷದಲ್ಲಿ ಮುಗಿಯದಿದ್ದರೆ `timeout` ಅದನ್ನು ನಿಲ್ಲಿಸುತ್ತದೆ. ಯಾರಾದರೂ ಇದೇ ಲಾಕ್ ಫೈಲ್ ಬಳಸಿ ಕೈಯಿಂದ ಓಡಿಸುತ್ತಿದ್ದರೆ `flock` ಇನ್ನೊಂದನ್ನು ಶುರು ಮಾಡಲು ಬಿಡುವುದಿಲ್ಲ. ಸ್ಕ್ರಿಪ್ಟ್ ಮೊದಲು ತಾತ್ಕಾಲಿಕ ಫೈಲ್‌ಗೆ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸುತ್ತದೆ. ಅರ್ಧಂಬರ್ಧ ಪಟ್ಟಿ ನೋಡಿ ಮಾಲು ತುಂಬಿಸುವ ಪ್ರಸಂಗ ಬರಬಾರದಲ್ವಾ?

ನಿಮ್ಮಿಂದ ಬೇಕಾದದ್ದು ಒಂದು ಸರ್ವಿಸ್ ಅಕೌಂಟ್, `/srv/despatch` ಫೋಲ್ಡರ್, ಮತ್ತು ಸ್ಟಾಕ್, ಆರ್ಡರ್ ಎರಡೇ ಟೇಬಲ್‌ಗಳಿಗೆ ಓದುವ ಅನುಮತಿ. ಬರೆಯುವ ಅನುಮತಿ ಬೇಡ, ಕೊಟ್ಟರೂ ನಮಗೆ ಉಪಯೋಗವಿಲ್ಲ. ನನ್ನ ಲಾಗಿನ್‌ನಲ್ಲೇ ಹಾಕಿಬಿಡಿ ಅನ್ನಬಹುದು. ಆದರೆ ನನಗೆ ವರ್ಗವಾದ ದಿನವೇ ಕೆಲಸ ನಿಂತುಹೋಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಪಾಸ್‌ವರ್ಡ್ ಸ್ಕ್ರಿಪ್ಟ್‌ನಲ್ಲಿಲ್ಲ. ಅದು ಬೇರೆ ಫೈಲ್‌ನಲ್ಲಿರುತ್ತದೆ, ಪರ್ಮಿಷನ್ `600`. ಡೇಟಾ ಆಫೀಸ್ ನೆಟ್‌ವರ್ಕ್ ಬಿಟ್ಟು ಹೊರಗೆ ಹೋಗುವುದಿಲ್ಲ. ಗ್ರಾಹಕರ ಫೋನ್ ನಂಬರ್, ವಿಳಾಸ ಯಾವುದನ್ನೂ ಸ್ಕ್ರಿಪ್ಟ್ ಮುಟ್ಟುವುದಿಲ್ಲ.

ಜೂನ್ 16ರಿಂದ 28ರವರೆಗೆ ಪ್ರಯೋಗಕ್ಕೆ ಬಿಡಿ, ಸಾಕು. ಅಷ್ಟೂ ದಿನ ಕೈಯಲ್ಲಿ ತೆಗೆಯುವ ಪಟ್ಟಿಯನ್ನೂ ನಿಲ್ಲಿಸುವುದಿಲ್ಲ, ಎರಡನ್ನೂ ತಾಳೆ ನೋಡುತ್ತೇವೆ. ಮಧ್ಯೆ ಸರ್ವರ್ ನಿಧಾನವಾದರೆ ನಮ್ಮನ್ನು ಕೇಳಲು ಕಾಯಬೇಡಿ, ಆ ಸಾಲಿನ ಮುಂದೆ `#` ಹಾಕಿ ನಿಲ್ಲಿಸಿ, ಆಮೇಲೆ ಒಂದು ಮಾತು ತಿಳಿಸಿ. ಲಾಗ್ ನೋಡುವ ಹೊಣೆ ನನ್ನದು.

ಸ್ಕ್ರಿಪ್ಟ್ ಫೈಲ್ ಲಗತ್ತಿಸಿದ್ದೇನೆ, ನೂರು ಸಾಲು ಕೂಡ ಇಲ್ಲ. ಒಮ್ಮೆ ಓದಿ ನೋಡಿ. ಬದಲಿಸಬೇಕಾದದ್ದು ಕಂಡರೆ ಗುರುವಾರದೊಳಗೆ ಹೇಳಿದರೆ ಸೋಮವಾರಕ್ಕೆ ಸರಿಮಾಡಿಕೊಳ್ಳಬಹುದು.

ವಂದನೆಗಳೊಂದಿಗೆ,
ಸವಿತಾ
ಡಿಸ್ಪ್ಯಾಚ್ ವಿಭಾಗ, ಹುಬ್ಬಳ್ಳಿ

ಪ್ರತಿ: ಗೋಡೌನ್ ಮ್ಯಾನೇಜರ್