ಕೆಲಸ ನಡೀತಾ ಇತ್ತು, ನಡುವೆ ಇನ್ನೊಂದು ಬಂತು: ಖಾಲಿ ಜಾಗ ತುಂಬುವ ಅಭ್ಯಾಸ

ಶನಿವಾರ ಸಂಜೆಯ ಸ್ಪೋಕನ್ ಇಂಗ್ಲಿಷ್ ತರಗತಿಗೆ

ಈ ಹಾಳೆಯಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಮೊದಲು ಜೋರಾಗಿ ಓದಿ, ಉತ್ತರ ಬಾಯಿಗೆ ಬರಲಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಪೂರ್ತಿ ವಾಕ್ಯ ಬರೆಯಿರಿ. ಬರೀ ಉತ್ತರ ಬರೆದರೆ ಸಾಲದು.

ಈ ವಾಕ್ಯ ನೋಡಿ: "ಅಡುಗೆ ಮಾಡ್ತಾ ಇದ್ದೆ, ಅಷ್ಟರಲ್ಲಿ ಕರೆಂಟ್ ಹೋಯ್ತು." ಇದರಲ್ಲಿ ಎರಡು ಕೆಲಸಗಳಿವೆ. ಅಡುಗೆ ಮೊದಲೇ ಶುರುವಾಗಿತ್ತು, ಇನ್ನೂ ಮುಗಿದಿರಲಿಲ್ಲ. ಕರೆಂಟ್ ಹೋಗಿದ್ದು ಒಂದೇ ಕ್ಷಣದ ಮಾತು. ಇಂಗ್ಲಿಷಿನಲ್ಲಿ ಹೀಗೆ ಬರುತ್ತದೆ: ಐ ವಾಸ್ ಕುಕಿಂಗ್ ವೆನ್ ದ ಪವರ್ ವೆಂಟ್ ಆಫ್. ನಡೆಯುತ್ತಿದ್ದ ಕೆಲಸಕ್ಕೆ ವಾಸ್ ಅಥವಾ ವರ್, ಜೊತೆಗೆ ಇಂಗ್. ಇದು ಪಾಸ್ಟ್ ಕಂಟಿನ್ಯೂಯಸ್. ನಡುವೆ ಬಂದ ಕೆಲಸಕ್ಕೆ ವೆಂಟ್, ಕೇಮ್, ಫೆಲ್ ತರಹದ ಸಿಂಪಲ್ ಪಾಸ್ಟ್.

ನಿಮಗೆ ಇದು ಹೊಸದೇನಲ್ಲ. "ಮಾಡ್ತಿದ್ದೆ" ಬೇರೆ, "ಮಾಡಿದೆ" ಬೇರೆ ಅಂತ ಮೂರು ವರ್ಷದ ಮಗುವಿಗೂ ಗೊತ್ತು. ಆ ಕನ್ನಡದ ಕಿವಿಯನ್ನೇ ಬಳಸಿ. ಖಾಲಿ ಜಾಗ ಬಂದಾಗ ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಹತ್ತರಲ್ಲಿ ಎಂಟು ಸಲ ಉತ್ತರ ತಾನಾಗಿ ಸಿಗುತ್ತದೆ. ಉಳಿದ ಎರಡು ಸಲ ಕನ್ನಡ ದಾರಿ ತಪ್ಪಿಸುತ್ತದೆ. ಅಂಥವನ್ನೂ ಮೊದಲ ಭಾಗದಲ್ಲಿ ಬೇಕಂತಲೇ ಸೇರಿಸಿದ್ದೇನೆ.

ಒಂದು ಎಚ್ಚರಿಕೆ. "ವೆನ್ ಕಂಡರೆ ಒಂದು ಕಡೆ ಕಂಟಿನ್ಯೂಯಸ್ ಹಾಕು" ಅಂತ ಎಷ್ಟೋ ಜನ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅದನ್ನು ನಂಬಬೇಡಿ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ:

ವೆನ್ ದ ಬಸ್ ಕೇಮ್, ವಿ ವರ್ ಡ್ರಿಂಕಿಂಗ್ ಟೀ.
ವೆನ್ ದ ಬಸ್ ಕೇಮ್, ವಿ ಡ್ರ್ಯಾಂಕ್ ಟೀ.

ಮೊದಲನೆಯದರಲ್ಲಿ ಬಸ್ ಬರುವಾಗ ಲೋಟ ಆಗಲೇ ಕೈಯಲ್ಲಿದೆ. ಎರಡನೆಯದರಲ್ಲಿ ಬಸ್ ಬಂದ ಮೇಲೆ ಟೀ ಕುಡಿದೆವು. ಬಸ್ ಬಂದ ಮೇಲೆ ಯಾರಾದರೂ ಟೀ ಕುಡೀತಾ ಕೂರ್ತಾರಾ? ಬಸ್ ತಪ್ಪುತ್ತದೆ ಅಲ್ವಾ! ಅಲ್ಲಿ "ವಿ ಗಾಟ್ ಆನ್" ಅಂದರೆ ಸರಿ. ವೆನ್ ಎರಡೂ ಕಡೆ ಇದೆ, ಅರ್ಥ ಮಾತ್ರ ಬೇರೆಯಾಯ್ತು. ಹಾಗಾಗಿ ಕೇಳಿಕೊಳ್ಳಬೇಕಾದ್ದು ಇಷ್ಟೇ: ಆ ಹೊತ್ತಿಗೆ ಈ ಕೆಲಸ ಆಗಲೇ ನಡೀತಾ ಇತ್ತಾ, ಅಥವಾ ಆಗ ಶುರುವಾಯ್ತಾ?

ವೈಲ್ ಇದ್ದರೆ ಸ್ವಲ್ಪ ಸುಲಭ. ಅದರ ಬೆನ್ನಿಗೆ ಸಾಮಾನ್ಯವಾಗಿ ನಡೆಯುತ್ತಿದ್ದ ಕೆಲಸವೇ ಬರುತ್ತದೆ.

ಭಾಗ 1

ಪ್ರತಿ ವಾಕ್ಯದ ಕೊನೆಯಲ್ಲಿ ಗೆರೆಯ ನಂತರ ಕ್ರಿಯಾಪದಗಳನ್ನು ಕೊಟ್ಟಿದೆ. ಅದೇ ಕ್ರಮದಲ್ಲಿ ಸರಿಯಾದ ರೂಪ ತುಂಬಿ.

1. ಐ ______ ದ ಫ್ಲೋರ್ ವೆನ್ ದ ಮಿಲ್ಕ್‌ಮ್ಯಾನ್ ______ ದ ಬೆಲ್. — ಮಾಪ್, ರಿಂಗ್

2. ವೈಲ್ ವಿ ______ ಫಾರ್ ದ ಹಾಸನ ಬಸ್, ಇಟ್ ______ ಟು ರೇನ್. — ವೇಟ್, ಬಿಗಿನ್

3. ದ ಟೇಲರ್ ______ ಮೈ ಬ್ಲೌಸ್ ವೆನ್ ದ ನೀಡಲ್ ______. — ಸ್ಟಿಚ್, ಬ್ರೇಕ್

4. ವೆನ್ ದ ಬೆಲ್ ______, ದ ಚಿಲ್ಡ್ರನ್ ______ ದೇರ್ ಬ್ಯಾಗ್ಸ್ ಅಂಡ್ ______ ಔಟ್. — ರಿಂಗ್, ಟೇಕ್, ರನ್

5. ಮೈ ಫಾದರ್ ______ ಆನ್ ದ ಫೋನ್ ವೈಲ್ ಮೈ ಮದರ್ ______ ಪೀನಟ್ಸ್. — ಟಾಕ್, ರೋಸ್ಟ್

6. ಎಟ್ ಎಯ್ಟ್ ಓ ಕ್ಲಾಕ್ ಲಾಸ್ಟ್ ನೈಟ್ ವಿ ______ ಡಿನ್ನರ್. — ಹ್ಯಾವ್

7. ದ ಡ್ರೈವರ್ ______ ಟು ಎ ಪ್ಯಾಸೆಂಜರ್, ಸೋ ಹಿ ______ ದ ಹಂಪ್. — ಟಾಕ್, ನಾಟ್ ಸೀ

8. ಐ ______ ದ ಆನ್ಸರ್, ಬಟ್ ದ ಟೀಚರ್ ______ ಸಮ್‌ವನ್ ಎಲ್ಸ್. — ನೋ, ಆಸ್ಕ್

9. ಯೆಸ್ಟರ್‌ಡೇ ಐ ______ ಫಾರ್ ಫೋರ್ ಅವರ್ಸ್ ಅಂಡ್ ______ ದ ಹೋಲ್ ಲೆಸನ್. — ಸ್ಟಡಿ, ಫಿನಿಶ್

10. ವೆನ್ ಐ ವಾಸ್ ಎ ಚೈಲ್ಡ್, ಐ ______ ಇನ್ ದ ವಿಲೇಜ್ ಟ್ಯಾಂಕ್ ಎವ್ರಿ ಸಂಡೇ. — ಸ್ವಿಮ್

ಭಾಗ 2: ಸಂತೆ

ಕಥೆ ಹೇಳುವಾಗ ನಾವು ಮೊದಲು ಜಾಗ ತೋರಿಸುತ್ತೇವೆ. ಬಿಸಿಲು ಕಾಯ್ತಾ ಇತ್ತು, ಜನ ಓಡಾಡ್ತಾ ಇದ್ದರು, ಯಾರೋ ಕೂಗ್ತಾ ಇದ್ದರು. ಇಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ, ಕಥೆಯೂ ಮುಂದೆ ಹೋಗುವುದಿಲ್ಲ. ಇದೆಲ್ಲಾ ಹಿನ್ನೆಲೆ, ಇದಕ್ಕೆ ಕಂಟಿನ್ಯೂಯಸ್. ಆಮೇಲೆ ಏನೋ ಒಂದು ಆಗುತ್ತದೆ. ಅಲ್ಲಿಂದ ಸಿಂಪಲ್ ಪಾಸ್ಟ್.

ಇಟ್ ವಾಸ್ ಮಂಡೇ ಮಾರ್ನಿಂಗ್. ದ ಸನ್ ______. — ಶೈನ್
ನಿಯರ್ ದ ಗೇಟ್, ಟೂ ವಿಮೆನ್ ______ ಫ್ಲವರ್ಸ್. — ಸೆಲ್
ಆನ್ ಓಲ್ಡ್ ಮ್ಯಾನ್ ______ ಆನಿಯನ್ಸ್. — ವೇ
ಅಕ್ರಾಸ್ ದ ರೋಡ್, ದ ಓನರ್ ಆಫ್ ಎ ಬಿಗ್ ವೈಟ್ ಬುಲ್ ______ ಟೀ. — ಡ್ರಿಂಕ್
ಸಡನ್ಲಿ ದ ಬುಲ್ ______ ಇಟ್ಸ್ ರೋಪ್. — ಬ್ರೇಕ್
ಎವ್ರಿಬಡಿ ______. — ಶೌಟ್
ದ ಆನಿಯನ್ಸ್ ______ ಆಲ್ ಓವರ್ ದ ರೋಡ್. — ರೋಲ್
ದ ಓನರ್ ______ ಹಿಸ್ ಗ್ಲಾಸ್ ಅಂಡ್ ______ ಆಫ್ಟರ್ ದ ಬುಲ್. — ಡ್ರಾಪ್, ರನ್
ವೆನ್ ಹಿ ______ ದ ಬುಲ್ ಅಟ್ ಲಾಸ್ಟ್, ಇಟ್ ______ ಸಮ್‌ಬಡೀಸ್ ಕ್ಯಾಬೇಜ್. — ಫೈಂಡ್, ಈಟ್

ಭಾಗ 3: ಕೋಟ್ಲಾದಲ್ಲಿ ಕುಂಬ್ಳೆ

ಇದು ನಿಜವಾಗಿ ನಡೆದದ್ದು. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ನಮ್ಮ ಅನಿಲ್ ಕುಂಬ್ಳೆ ಪಾಕಿಸ್ತಾನದ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟ್ ತೆಗೆದರು, 74 ರನ್ ಕೊಟ್ಟು. ಇನ್ನೊಂದು ತುದಿಯಲ್ಲಿ ಇದ್ದವರು ಮೈಸೂರಿನ ಜಾವಗಲ್ ಶ್ರೀನಾಥ್. ಒಂದು ತುದಿಯಲ್ಲಿ ಏನು ನಡೀತಾ ಇತ್ತು, ಇನ್ನೊಂದು ತುದಿಯಲ್ಲಿ ಏನಾಯ್ತು ಅಂತ ಹೇಳೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಪಾಕಿಸ್ತಾನ್ ______ ಫೋರ್ ಹಂಡ್ರೆಡ್ ಅಂಡ್ ಟ್ವೆಂಟಿ. — ಚೇಸ್
ದ ಓಪನರ್ಸ್ ______ ಎ ಹಂಡ್ರೆಡ್ ಅಂಡ್ ಒನ್ ಟುಗೆದರ್. — ಆ್ಯಡ್
ದೆನ್ ಕುಂಬ್ಳೆ ______ ದ ಫಸ್ಟ್ ವಿಕೆಟ್. — ಟೇಕ್
ವೆನ್ ಹಿ ______ ನೈನ್ ವಿಕೆಟ್ಸ್, ಶ್ರೀನಾಥ್ ______ ಫ್ರಮ್ ದ ಅದರ್ ಎಂಡ್. — ಹ್ಯಾವ್, ಬೋಲ್
ಶ್ರೀನಾಥ್ ______ ದ ಲಾಸ್ಟ್ ವಿಕೆಟ್ ಫಾರ್ ಹಿಮ್‌ಸೆಲ್ಫ್, ಸೋ ಹಿ ______ ದ ಬಾಲ್ ವೈಡ್ ಆಫ್ ದ ಸ್ಟಂಪ್ಸ್. — ನಾಟ್ ವಾಂಟ್, ಕೀಪ್
ವಸೀಮ್ ಅಕ್ರಮ್ ______ ವೆನ್ ದ ಎಂಡ್ ______. — ಬ್ಯಾಟ್, ಕಮ್
ಲಕ್ಷ್ಮಣ್ ______ ದ ಕ್ಯಾಚ್, ಅಂಡ್ ಇಂಡಿಯಾ ______ ಬೈ ಟೂ ಹಂಡ್ರೆಡ್ ಅಂಡ್ ಟ್ವೆಲ್ವ್ ರನ್ಸ್. — ಟೇಕ್, ವಿನ್

ಉತ್ತರಗಳು

ಪೆನ್ನು ಕೆಳಗಿಟ್ಟ ಮೇಲೆ ಓದಿ.

ಮೊದಲ ಭಾಗದ 1, 2, 3 ನೇರವಾಗಿವೆ. ವಾಸ್ ಮಾಪಿಂಗ್, ರ್‍ಯಾಂಗ್. ವರ್ ವೇಟಿಂಗ್, ಬಿಗ್ಯಾನ್. ವಾಸ್ ಸ್ಟಿಚಿಂಗ್, ಬ್ರೋಕ್. ವರ್ ಅನ್ನುವಾಗ ವೇರ್ ಅನ್ನಬೇಡಿ, ಅದು "ಎಲ್ಲಿ" ಆಗಿಬಿಡುತ್ತದೆ.

4ನೆಯದು: ರ್‍ಯಾಂಗ್, ಟುಕ್, ರ್‍ಯಾನ್. ಮೂರೂ ಸಿಂಪಲ್ ಪಾಸ್ಟ್. ಬೆಲ್ ಆಯ್ತು, ಬ್ಯಾಗ್ ತಗೊಂಡರು, ಓಡಿದರು. ಒಂದರ ಹಿಂದೆ ಒಂದು. ಇಲ್ಲಿ "ವರ್ ರನ್ನಿಂಗ್" ಹಾಕಿದರೆ ಬೆಲ್ ಹೊಡೆಯೋ ಮೊದಲೇ ಮಕ್ಕಳು ಓಡ್ತಾ ಇದ್ದರು ಅಂತಾಗುತ್ತದೆ.

5ನೆಯದು: ವಾಸ್ ಟಾಕಿಂಗ್, ವಾಸ್ ರೋಸ್ಟಿಂಗ್. ಅಪ್ಪನ ಮಾತು ಅಮ್ಮನ ಕಡಲೆಕಾಯಿಗೆ ಅಡ್ಡ ಬರಲಿಲ್ಲ. ಎರಡೂ ಜೊತೆಜೊತೆಗೆ ನಡೀತಾ ಇದ್ದವು, ಎರಡೂ ಕಂಟಿನ್ಯೂಯಸ್.

6ನೆಯದು: ವರ್ ಹ್ಯಾವಿಂಗ್. ಎಂಟು ಗಂಟೆ ಅನ್ನುವುದೇ ಇಲ್ಲಿ ನಡುವೆ ಬಂದ ಗಳಿಗೆ. ಆ ಹೊತ್ತಿಗೆ ಊಟ ಅರ್ಧ ಆಗಿತ್ತು. "ವಿ ಹ್ಯಾಡ್ ಡಿನ್ನರ್" ಅಂತ ಬರೆದವರಿಗೂ ಅಂಕ ಕೊಡುತ್ತೇನೆ, ಯಾಕಂದರೆ ಅದು ತಪ್ಪಲ್ಲ. ಆದರೆ ಅದರ ಅರ್ಥ ಎಂಟಕ್ಕೆ ಊಟಕ್ಕೆ ಕೂತೆವು ಅಂತ.

7ನೆಯದು: ವಾಸ್ ಟಾಕಿಂಗ್, ಡಿಡ್ ನಾಟ್ ಸೀ. "ಡಿಡ್ ನಾಟ್ ಸಾ" ಅಲ್ಲ. ಡಿಡ್ ಬಂದ ಮೇಲೆ ಕ್ರಿಯಾಪದ ಮೂಲ ರೂಪಕ್ಕೇ ವಾಪಸ್ ಹೋಗುತ್ತದೆ.

8ನೆಯದು: ನ್ಯೂ, ಆಸ್ಕ್ಡ್. "ವಾಸ್ ನೋಯಿಂಗ್" ಅಂತ ಯಾವತ್ತೂ ಬರೆಯಬೇಡಿ. ಗೊತ್ತಿರೋದು ಮಾಡುವ ಕೆಲಸ ಅಲ್ಲ, ಇರುವ ಸ್ಥಿತಿ. ನೋ, ಬಿಲೀವ್, ಲೈಕ್, ವಾಂಟ್, ನೀಡ್ ಇವೆಲ್ಲಾ ಇದೇ ಜಾತಿ. ಇಂಥವಕ್ಕೆ ಸಾಮಾನ್ಯವಾಗಿ ಇಂಗ್ ಸೇರುವುದಿಲ್ಲ. ಕನ್ನಡದಲ್ಲಿ "ನಂಬ್ತಾ ಇದ್ದೆ", "ಇಷ್ಟಪಡ್ತಾ ಇದ್ದೆ" ಅಂತ ಆರಾಮಾಗಿ ಹೇಳ್ತೀವಿ. ನಾವು ಎಡವುವುದು ಅಲ್ಲೇ. ಇಂಗ್ಲಿಷಿನಲ್ಲಿ ಐ ಬಿಲೀವ್ಡ್, ಐ ಲೈಕ್ಡ್.

9ನೆಯದು: ಸ್ಟಡೀಡ್, ಫಿನಿಶ್ಡ್. ನಾಲ್ಕು ಗಂಟೆ ಅಂದರೆ ಜಾಸ್ತಿ ಹೊತ್ತು, ಹಾಗಾಗಿ ಕಂಟಿನ್ಯೂಯಸ್ ಅಂತ ಅನಿಸುತ್ತದೆ. ಕೆಲಸ ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಮುಖ್ಯವಲ್ಲ. ಶುರುವಿನಿಂದ ಕೊನೆವರೆಗೆ ಮುಗಿದ ಕೆಲಸ ಅಂತ ಹೇಳುತ್ತಿದ್ದರೆ ಸಿಂಪಲ್ ಪಾಸ್ಟ್. "ನಾಲ್ಕು ಗಂಟೆ ಓದಿದೆ" ಅಂತ ಕನ್ನಡದಲ್ಲೂ ಹಾಗೇ ಹೇಳ್ತೀವಿ.

10ನೆಯದು ಎಲ್ಲಕ್ಕಿಂತ ಕಷ್ಟ: ಸ್ವ್ಯಾಮ್. "ಚಿಕ್ಕವನಿದ್ದಾಗ ಪ್ರತಿ ಭಾನುವಾರ ಕೆರೇಲಿ ಈಜ್ತಿದ್ದೆ" ಅಂತಲೇ ಅಲ್ವಾ ನಾವು ಹೇಳೋದು? ಕನ್ನಡದ "ಈಜ್ತಿದ್ದೆ" ಎರಡು ಕೆಲಸ ಮಾಡುತ್ತದೆ. ಆ ಗಳಿಗೆಯಲ್ಲಿ ನಡೆಯುತ್ತಿದ್ದದ್ದಕ್ಕೂ ಅದೇ, ಹಿಂದಿನ ಅಭ್ಯಾಸಕ್ಕೂ ಅದೇ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಅಭ್ಯಾಸ ಆದರೆ ಐ ಸ್ವ್ಯಾಮ್ ಅಥವಾ ಐ ಯೂಸ್ಡ್ ಟು ಸ್ವಿಮ್. "ದಿನಾ", "ಪ್ರತಿ ವಾರ", "ಆಗಾಗ" ಅನ್ನುವ ಮಾತು ಕಂಡರೆ ಒಂದು ಕ್ಷಣ ನಿಲ್ಲಿ, "-ತಿದ್ದೆ" ಕೇಳಿಸಿತು ಅಂತ ವಾಸ್ ಹಾಕಬೇಡಿ.

ಸಂತೆ: ವಾಸ್ ಶೈನಿಂಗ್, ವರ್ ಸೆಲ್ಲಿಂಗ್, ವಾಸ್ ವೇಯಿಂಗ್, ವಾಸ್ ಡ್ರಿಂಕಿಂಗ್. ಹೋರಿ ಹಗ್ಗ ಕಿತ್ತಲ್ಲಿಂದ ಬ್ರೋಕ್, ಶೌಟೆಡ್, ರೋಲ್ಡ್, ಡ್ರಾಪ್ಡ್, ರ್‍ಯಾನ್. ಕೊನೆಯ ಸಾಲಿನಲ್ಲಿ ಫೌಂಡ್, ವಾಸ್ ಈಟಿಂಗ್. ಮಾಲೀಕ ಹೋಗಿ ನೋಡಿದಾಗ ಕೋಸು ಆಗಲೇ ಹೋರಿಯ ಬಾಯಲ್ಲಿತ್ತು. "ಎಟ್" ಅಂದರೆ ಅವನು ಬಂದ ಮೇಲೆ ತಿಂದಿತು ಅಂತ. ಹಿನ್ನೆಲೆಯ ಸಾಲುಗಳಲ್ಲಿ "ಟೂ ವಿಮೆನ್ ಸೋಲ್ಡ್ ಫ್ಲವರ್ಸ್" ಅಂತ ಒಂದನ್ನು ಬದಲಾಯಿಸಿ ಓದಿ ನೋಡಿ. ಹೂವು ಮಾರಿ ಮುಗಿಸಿದರು, ಮುಂದೇನು ಅಂತ ಕೇಳುವ ಹಾಗಾಗುತ್ತದೆ.

ಕುಂಬ್ಳೆ: ವಾಸ್ ಚೇಸಿಂಗ್, ಆ್ಯಡೆಡ್, ಟುಕ್, ಹ್ಯಾಡ್, ವಾಸ್ ಬೋಲಿಂಗ್, ಡಿಡ್ ನಾಟ್ ವಾಂಟ್, ಕೆಪ್ಟ್, ವಾಸ್ ಬ್ಯಾಟಿಂಗ್, ಕೇಮ್, ಟುಕ್, ವನ್. ಮೊದಲನೆಯದಕ್ಕೆ ವರ್ ಚೇಸಿಂಗ್ ಕೂಡ ಸರಿ, ತಂಡದ ಹೆಸರಿಗೆ ಬ್ರಿಟಿಷ್ ಇಂಗ್ಲಿಷಿನಲ್ಲಿ ಬಹುವಚನ ಬಳಸುತ್ತಾರೆ. ಒಂಬತ್ತು ವಿಕೆಟ್ಟಿನ ಹ್ಯಾವ್ ನೋಡಿ. ಅಲ್ಲಿ ಅದು "ಅವರ ಹತ್ತಿರ ಇತ್ತು" ಅನ್ನುವ ಅರ್ಥ. ಆಗ ಇಂಗ್ ಇಲ್ಲ, ಬರೀ ಹ್ಯಾಡ್. ಊಟದ ಹ್ಯಾವ್ ತಿನ್ನುವ ಕೆಲಸ, ಅದಕ್ಕೆ ಹ್ಯಾವಿಂಗ್ ನಡೆಯುತ್ತದೆ. ವಾಂಟ್ ಸ್ಥಿತಿಯ ಪದವಾದ್ದರಿಂದ ಡಿಡ್ ನಾಟ್ ವಾಂಟ್.

ಮುಂದಿನ ಶನಿವಾರಕ್ಕೆ ನೀವೇ ಕಣ್ಣಾರೆ ಕಂಡ ಒಂದು ಘಟನೆಯನ್ನು ಎಂಟು ವಾಕ್ಯದಲ್ಲಿ ಬರೆದು ತನ್ನಿ. ಮೊದಲ ನಾಲ್ಕು ಹಿನ್ನೆಲೆಗೆ, ಉಳಿದವು ನಡೆದದ್ದಕ್ಕೆ. ಪಕ್ಕದವರಿಗೆ ಕೊಟ್ಟು ಕ್ರಿಯಾಪದಗಳ ಮೇಲೆ ಕಾಗದ ಮುಚ್ಚಿ ಓದಿಸೋಣ.