ಗುರುವಿನ ಮಾತನ್ನೂ ಪರೀಕ್ಷಿಸಿ ನೋಡಿದವರು

ಮಾನ್ಯ ಮುಖ್ಯ ಶಿಕ್ಷಕರೇ, ನನ್ನ ಎಲ್ಲ ಗುರುಗಳೇ, ಬಂದಿರುವ ಪೋಷಕರೇ, ನನ್ನ ಪ್ರೀತಿಯ ಗೆಳೆಯ ಗೆಳತಿಯರೇ, ನಿಮಗೆಲ್ಲ ರಾಷ್ಟ್ರೀಯ ವಿಜ್ಞಾನ ದಿನದ ಶುಭಾಶಯಗಳು.

1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಅವರು ಬೆಳಕಿನ ಬಗ್ಗೆ ದೊಡ್ಡದೊಂದು ಸತ್ಯವನ್ನು ಕಂಡುಹಿಡಿದರು. ಅದಕ್ಕೇ ನಾವು ಇವತ್ತು ಇಲ್ಲಿ ಸೇರಿದ್ದೇವೆ. ನಾನು ಮಾತಾಡಲು ಹೊರಟಿರುವುದು ಅದಕ್ಕಿಂತ ಒಂಬತ್ತು ನೂರು ವರ್ಷ ಮೊದಲು ಬೆಳಕಿನ ಬೆನ್ನು ಹತ್ತಿದ್ದ ಒಬ್ಬರ ಬಗ್ಗೆ, ಮತ್ತು ಅವರಂಥ ಇನ್ನೂ ಕೆಲವರ ಬಗ್ಗೆ. ಮಧ್ಯಯುಗದ ಮುಸ್ಲಿಂ ವಿಜ್ಞಾನಿಗಳು ಅಂದರೆ ಗ್ರೀಕರ ಪುಸ್ತಕಗಳನ್ನು ಕಾಪಾಡಿ ಯುರೋಪಿಗೆ ಕೊಟ್ಟವರು ಎಂದು ಹಲವರು ಹೇಳುತ್ತಾರೆ. ಅಷ್ಟು ಹೇಳಿ ಬಿಟ್ಟುಬಿಟ್ಟರೆ ಅವರಿಗೆ ಅನ್ಯಾಯ ಮಾಡಿದಂತೆ. ಅವರು ಪುಸ್ತಕ ಕಾಯುತ್ತಾ ಕೂತವರಲ್ಲ. ಓದಿದ್ದನ್ನು ಪರೀಕ್ಷಿಸಿ ನೋಡಿದವರು. ತಪ್ಪು ಕಂಡರೆ, ಅದನ್ನು ಬರೆದವರು ಎಷ್ಟೇ ದೊಡ್ಡವರಾಗಿರಲಿ, ತಪ್ಪು ಎಂದೇ ಹೇಳಿದವರು.

ಮೊದಲನೆಯವರು ಇಬ್ನ್ ಅಲ್-ಹೈಥಮ್. ಸುಮಾರು 965ರಲ್ಲಿ ಇರಾಕಿನ ಬಸ್ರಾದಲ್ಲಿ ಹುಟ್ಟಿದರು. ಮುಂದೆ ಕೈರೋದಲ್ಲಿ ನೆಲೆಸಿದರು. ಆಗ ಎಲ್ಲರನ್ನೂ ಕಾಡುತ್ತಿದ್ದ ಪ್ರಶ್ನೆ ಒಂದಿತ್ತು: ನಮಗೆ ಕಣ್ಣು ಕಾಣುವುದು ಹೇಗೆ? ಯೂಕ್ಲಿಡ್, ಟಾಲೆಮಿಯಂಥ ಮಹಾನ್ ಗ್ರೀಕ್ ಪಂಡಿತರು ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದಿದ್ದರು. ಇಬ್ನ್ ಅಲ್-ಹೈಥಮ್ ಅವರು ಇದನ್ನು ಒಪ್ಪಲಿಲ್ಲ. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ, ಅಲ್ವಾ? ಹಾಗಾದರೆ ಹೊರಗಿನಿಂದ ಏನೋ ಒಳಗೆ ಬರುತ್ತಿರಬೇಕು. ಬೆಳಕೇ ವಸ್ತುವಿನಿಂದ ಹೊರಟು ಕಣ್ಣಿಗೆ ಬರುತ್ತದೆ ಎಂದು ಅವರು ವಾದಿಸಿದರು.

ಬರೀ ವಾದಕ್ಕೆ ನಿಲ್ಲಲಿಲ್ಲ. ಒಂದು ಕತ್ತಲ ಕೋಣೆಗೆ ಸಣ್ಣ ಕಿಂಡಿ. ಕಿಂಡಿಯ ಹೊರಗೆ ಬೇರೆ ಬೇರೆ ಜಾಗದಲ್ಲಿ ದೀಪಗಳು. ಒಳಗಿನ ಗೋಡೆಯ ಮೇಲೆ ಎಷ್ಟು ದೀಪವೋ ಅಷ್ಟು ಬೆಳಕಿನ ಮಚ್ಚೆ ಬಿದ್ದವು. ಒಂದು ದೀಪಕ್ಕೆ ಅಡ್ಡ ಹಿಡಿದರೆ ಅದರ ಮಚ್ಚೆ ಮಾತ್ರ ಮಾಯ, ಉಳಿದವು ಹಾಗೇ ಇರುತ್ತಿದ್ದವು. ಅಡ್ಡ ತೆಗೆದರೆ ಮತ್ತೆ ಅದೇ ಜಾಗದಲ್ಲಿ ಬರುತ್ತಿತ್ತು. ಅಂದರೆ ಎಲ್ಲ ದೀಪಗಳ ಬೆಳಕೂ ಅದೇ ಸಣ್ಣ ಕಿಂಡಿಯಲ್ಲಿ ಹಾಯ್ದರೂ ಒಂದರೊಳಗೊಂದು ಕಲಸಿಹೋಗುವುದಿಲ್ಲ. ಪ್ರತಿಯೊಂದೂ ತನ್ನ ನೇರ ದಾರಿಯಲ್ಲೇ ಹೋಗುತ್ತದೆ. ಒಂದನ್ನು ಬದಲಿಸು, ಉಳಿದದ್ದನ್ನು ಹಾಗೇ ಬಿಡು, ಏನಾಗುತ್ತದೆ ನೋಡು. ನಮ್ಮ ಲ್ಯಾಬಿನಲ್ಲಿ ನಾವು ಇಂದು ಮಾಡುವ ಪ್ರಯೋಗಗಳ ಕ್ರಮವೂ ಇದೇ.

ಅವರ ದೃಗ್ವಿಜ್ಞಾನದ ಏಳು ಸಂಪುಟಗಳ ಗ್ರಂಥ ಲ್ಯಾಟಿನ್‌ಗೆ ಅನುವಾದವಾಯಿತು. ಯುರೋಪಿನ ವಿದ್ವಾಂಸರು ಅದನ್ನು ಶತಮಾನಗಟ್ಟಲೆ ಓದಿದರು. ಇಬ್ನ್ ಅಲ್-ಹೈಥಮ್ ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ಚಿತ್ರ ಕಣ್ಣಿನ ಹಿಂದಿನ ಪರದೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ ಎಂದು ತೋರಿಸಲು 1604ರಲ್ಲಿ ಕೆಪ್ಲರ್ ಬರಬೇಕಾಯಿತು. ಆದರೆ ಕೆಪ್ಲರ್ ನಡೆದದ್ದು ಇಬ್ನ್ ಅಲ್-ಹೈಥಮ್ ತೆರೆದ ದಾರಿಯಲ್ಲೇ. ತಪ್ಪು ಹುಡುಕಿದರೆ ಅವರು ಬೇಸರಪಡುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಯಾಕೆಂದರೆ ಟಾಲೆಮಿಯ ಮೇಲಿನ ಸಂದೇಹಗಳನ್ನೇ ಒಂದು ಪುಸ್ತಕವಾಗಿ ಬರೆದವರು ಅವರು. ಸತ್ಯ ಬೇಕಾದವರು ಹಿಂದಿನವರ ಮಾತನ್ನು ಸುಮ್ನೆ ನಂಬಬಾರದು, ತನ್ನ ಸ್ವಂತ ಮಾತನ್ನೂ ಅನುಮಾನದಿಂದಲೇ ನೋಡಬೇಕು ಎಂದು ಅದರಲ್ಲಿ ಹೇಳಿದ್ದಾರೆ.

ಈಗ ಗಣಿತಕ್ಕೆ ಬರೋಣ. ಹತ್ತನೇ ತರಗತಿಯವರು ಸ್ವಲ್ಪ ಜಾಸ್ತಿ ಗಮನ ಕೊಡಿ, ಇದು ನಮ್ಮ ಪಾಠದಲ್ಲೇ ಇದೆ.

762ರಲ್ಲಿ ಕಟ್ಟಿಸಿದ ಬಾಗ್ದಾದ್ ನಗರ ಕೆಲವೇ ದಶಕಗಳಲ್ಲಿ ವಿದ್ಯೆಯ ಕೇಂದ್ರವಾಯಿತು. ನಮ್ಮ ಬ್ರಹ್ಮಗುಪ್ತರ ಖಗೋಳ ಗಣಿತವೂ 8ನೇ ಶತಮಾನದಲ್ಲೇ ಅಲ್ಲಿಗೆ ಹೋಗಿ ಅರಬ್ಬಿಗೆ ಬಂತು. ಗ್ರೀಕ್ ಗ್ರಂಥಗಳು, ಪರ್ಷಿಯಾದ ಗ್ರಂಥಗಳು, ಚರಕ ಸುಶ್ರುತರ ವೈದ್ಯ ಎಲ್ಲವೂ ಅರಬ್ಬಿಗೆ ಬಂದವು. ಈ ಕೆಲಸದಲ್ಲಿ ಮುಸ್ಲಿಮರು ಮಾತ್ರ ಇರಲಿಲ್ಲ. ಅನುವಾದಕರಲ್ಲಿ ಬಹಳ ದೊಡ್ಡ ಹೆಸರಾದ ಹುನೈನ್ ಇಬ್ನ್ ಇಸ್ಹಾಕ್ ಕ್ರೈಸ್ತರು. ಎಲ್ಲ ಕಡೆಯಿಂದ ಬಂದವರು ಒಂದೇ ಊರಿನಲ್ಲಿ, ಒಂದೇ ಭಾಷೆಯಲ್ಲಿ ಕೆಲಸ ಮಾಡಿದರು.

ಅದೇ ಬಾಗ್ದಾದಿನಲ್ಲಿ, ಖಲೀಫ ಅಲ್-ಮಾಮೂನ್ ಕಾಲದಲ್ಲಿ ಇದ್ದವರು ಅಲ್-ಖ್ವಾರಿಜ್ಮಿ. ನಾವು ಆಲ್ಜಿಬ್ರಾ ಎನ್ನುವ ಹೆಸರು ಅವರ ಪುಸ್ತಕದಿಂದಲೇ ಬಂದದ್ದು. ಅದರಲ್ಲಿ ಅವರು ಕೇಳುವ ಒಂದು ಲೆಕ್ಕ ಇದು: ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತು ಪಟ್ಟನ್ನು ಸೇರಿಸಿದರೆ 39 ಬರುತ್ತದೆ. ಆ ಸಂಖ್ಯೆ ಯಾವುದು? ನಾವಾದರೆ x² + 10x = 39 ಎಂದು ಬರೆಯುತ್ತೇವೆ. ಅವರ ಹತ್ತಿರ x ಇರಲಿಲ್ಲ, ಕೂಡುವ ಚಿಹ್ನೆಯೂ ಇರಲಿಲ್ಲ. ಎಲ್ಲವನ್ನೂ ಮಾತಿನಲ್ಲೇ ಬರೆದರು.

ಬಿಡಿಸುವುದಕ್ಕೆ ಅವರು ಚಿತ್ರ ಹಾಕುತ್ತಾರೆ. ನೀವೂ ಮನಸ್ಸಿನಲ್ಲೇ ಹಾಕಿ. ಒಂದು ಚೌಕ, ಅದರ ಬಾಹು ನಮಗೆ ಬೇಕಾದ ಸಂಖ್ಯೆ. ಹತ್ತು ಪಟ್ಟನ್ನು ಎರಡು ಐದು ಪಟ್ಟುಗಳಾಗಿ ಒಡೆಯಿರಿ. ಐದರ ಅಗಲದ ಒಂದು ಪಟ್ಟಿಯನ್ನು ಚೌಕದ ಬಲಕ್ಕೆ ಅಂಟಿಸಿ, ಇನ್ನೊಂದನ್ನು ಕೆಳಗೆ ಅಂಟಿಸಿ. ಇಷ್ಟೂ ಸೇರಿ 39. ಈಗ ಮೂಲೆಯಲ್ಲಿ ಒಂದು ಜಾಗ ಖಾಲಿ ಇದೆ. ಅದು ಐದು ಐದಲಿ ಇಪ್ಪತ್ತೈದು. ಅದನ್ನೂ ತುಂಬಿದರೆ 39ಕ್ಕೆ 25 ಕೂಡಿ 64 ಆಗುತ್ತದೆ, ದೊಡ್ಡದೊಂದು ಪೂರ್ಣ ಚೌಕ ಸಿಗುತ್ತದೆ. 64 ಅಂದರೆ ಎಂಟು ಎಂಟಲಿ. ದೊಡ್ಡ ಚೌಕದ ಬಾಹು 8, ಅದರಲ್ಲಿ ನಾವು ಸೇರಿಸಿದ 5 ತೆಗೆದರೆ ಉಳಿಯುವುದು 3. ಉತ್ತರ ಬಂತು! ತಾಳೆ ನೋಡಿ: 9ಕ್ಕೆ 30 ಕೂಡಿದರೆ 39. ನಾವು ವರ್ಗವನ್ನು ಪೂರ್ಣಗೊಳಿಸುವ ವಿಧಾನ ಎಂದು ಬಾಯಿಪಾಠ ಮಾಡುವುದು ಇದನ್ನೇ. ನಿಜವಾಗಿ ಒಂದು ಚೌಕದ ಮೂಲೆ ತುಂಬಿಸುವ ಕೆಲಸ ಅದು.

ಇಂಥ ಲೆಕ್ಕಗಳನ್ನು ಬ್ರಹ್ಮಗುಪ್ತರು 628ರಲ್ಲೇ ಬಿಡಿಸಿದ್ದರು. ಅದಕ್ಕೂ ಮೊದಲು ಬ್ಯಾಬಿಲೋನಿನವರೂ ಬಿಡಿಸಿದ್ದರು. ಅಲ್-ಖ್ವಾರಿಜ್ಮಿ ಎಲ್ಲ ಬಗೆಯ ಸಮೀಕರಣಗಳನ್ನು ಆರು ಗುಂಪು ಮಾಡಿ, ಪ್ರತಿಯೊಂದಕ್ಕೂ ಹಂತ ಹಂತವಾದ ದಾರಿ ತೋರಿಸಿ, ವರ್ಗ ಬರುವ ಕಷ್ಟದ ಗುಂಪುಗಳಿಗೆ ಅದು ಯಾಕೆ ಸರಿ ಎಂದು ಚಿತ್ರದಿಂದ ಸಾಧಿಸಿದರು. ಆಸ್ತಿ ಪಾಲು ಮಾಡುವವರಿಗೆ, ವ್ಯಾಪಾರಿಗಳಿಗೆ, ಜಮೀನು ಅಳೆಯುವವರಿಗೆ ಉಪಯೋಗವಾಗಲಿ ಎಂದೇ ಪುಸ್ತಕ ಬರೆದರು. ನಮ್ಮ ದೇಶದ ಅಂಕಿಗಳ ಬಗ್ಗೆಯೂ ಒಂದು ಪುಸ್ತಕ ಬರೆದರು, ಅವು ಭಾರತದವು ಎಂದು ಹೇಳಿಯೇ ಬರೆದರು. ಸೊನ್ನೆಯಿಂದ ಒಂಬತ್ತರವರೆಗಿನ ನಮ್ಮ ಅಂಕಿಗಳು ಯುರೋಪ್ ತಲುಪಿದ್ದು ಈ ಅರಬ್ಬಿ ಪುಸ್ತಕಗಳ ಕೈ ಹಿಡಿದು.

ಅಲ್-ಬಿರೂನಿ ನನಗೆ ಬಹಳ ಇಷ್ಟ. 973ರಲ್ಲಿ ಮಧ್ಯ ಏಷ್ಯಾದ ಖ್ವಾರಿಜ್ಮ್‌ನಲ್ಲಿ ಹುಟ್ಟಿದವರು. ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯಲ್ಲಿ ನಿಂತು ಇಡೀ ಭೂಮಿಯನ್ನು ಅಳೆದರು. ಮೊದಲು ಬಯಲಿನಿಂದ ಬೆಟ್ಟದ ಎತ್ತರ ಕಂಡುಹಿಡಿದರು, ನಾವು ತ್ರಿಕೋನಮಿತಿಯಲ್ಲಿ ಗೋಪುರದ ಎತ್ತರ ಕಂಡುಹಿಡಿಯುವ ಹಾಗೆ. ಆಮೇಲೆ ಬೆಟ್ಟ ಹತ್ತಿ ದಿಗಂತದ ಕಡೆ ನೋಡಿದರು. ಭೂಮಿ ದುಂಡಗಿರುವುದರಿಂದ ದಿಗಂತ ನೇರ ಮುಂದೆ ಕಾಣದೆ ಸ್ವಲ್ಪ ಕೆಳಗೆ ಕಾಣುತ್ತದೆ. ಅದು ಎಷ್ಟು ಕೆಳಗೆ? ಅವರಿಗೆ ಸಿಕ್ಕ ಕೋನ 34 ಮಿನಿಟು. ನಿಮ್ಮ ಜಾಮಿಟ್ರಿ ಬಾಕ್ಸಿನ ಕೋನಮಾಪಕ ತೆಗೆದು ನೋಡಿ, ಒಂದು ಡಿಗ್ರಿಯ ಗೆರೆಗಳೇ ಎಷ್ಟು ಹತ್ತಿರ ಹತ್ತಿರ ಇವೆ! ಅದರ ಅರ್ಧಕ್ಕಿಂತ ಚೂರು ಜಾಸ್ತಿ ಇರುವ ಕೋನ ಅದು. ಬೆಟ್ಟದ ಎತ್ತರ ಮತ್ತು ಈ ಕೋನ, ಇವೆರಡನ್ನೇ ಇಟ್ಟುಕೊಂಡು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅವರ ಮೊಳದ ಉದ್ದ ಎಷ್ಟು ಎಂಬುದರ ಮೇಲೆ ಇಂದಿನ ಕಿಲೋಮೀಟರ್ ಲೆಕ್ಕ ಬದಲಾಗುತ್ತದೆ, ಆ ಬಗ್ಗೆ ವಿದ್ವಾಂಸರ ಚರ್ಚೆ ನಡೆದೇ ಇದೆ. ಆದರೆ ವಿಧಾನದಲ್ಲಿ ಚರ್ಚೆಗೆ ಏನೂ ಇಲ್ಲ. ಮರುಭೂಮಿಯಲ್ಲಿ ಮೈಲಿಗಟ್ಟಲೆ ನಡೆದು ಅಳೆಯಬೇಕಿದ್ದ ಕೆಲಸವನ್ನು ಒಂದು ಬೆಟ್ಟದ ಮೇಲೆ ಮುಗಿಸಿದರು.

ಬಿರೂನಿ ಸಂಸ್ಕೃತ ಕಲಿತರು. ನಮ್ಮ ಪಂಡಿತರ ಜೊತೆ ಕೂತು ಕಲಿತು, ಸುಮಾರು 1030ರಲ್ಲಿ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದರು. ಘಜ್ನಿಯ ಮಹಮೂದನ ಆಸ್ಥಾನಕ್ಕೆ ಸೇರಿದವರಾಗಿದ್ದರೂ, ಅವನ ದಾಳಿಗಳಿಂದ ಈ ನಾಡಿನ ಏಳಿಗೆ ಹಾಳಾಯಿತು ಎಂದು ಅದೇ ಗ್ರಂಥದಲ್ಲಿ ಬರೆದರು. ಕೋನ ಅಳೆಯುವಾಗ ಇದ್ದ ಪ್ರಾಮಾಣಿಕತೆ ಜನರ ಬಗ್ಗೆ ಬರೆಯುವಾಗಲೂ ಅವರಲ್ಲಿತ್ತು.

ವೈದ್ಯಕೀಯದಲ್ಲಿ ಹೇಳುವುದಕ್ಕೆ ಬಹಳ ಇದೆ, ಸಮಯ ಇಲ್ಲ. ಅಲ್-ರಾಝಿ ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಗಳನ್ನು ವಿವರಿಸಿ ತೋರಿಸಿದರು. ಸ್ಪೇನಿನ ಅಲ್-ಝಹ್ರಾವಿ ಶಸ್ತ್ರಚಿಕಿತ್ಸೆಯ ಉಪಕರಣಗಳ ಚಿತ್ರಗಳನ್ನೇ ಪುಸ್ತಕದಲ್ಲಿ ಬರೆದು ಕೊಟ್ಟರು. ಇಬ್ನ್ ಸೀನಾ ಅವರ ವೈದ್ಯ ಗ್ರಂಥವನ್ನು ಯುರೋಪಿನ ವಿಶ್ವವಿದ್ಯಾಲಯಗಳು 17ನೇ ಶತಮಾನದವರೆಗೂ ಪಾಠ ಮಾಡಿದವು. ಅವರ ಪರಂಪರೆಯ ಯುನಾನಿ ವೈದ್ಯವನ್ನು ಇಂದಿಗೂ ಬೆಂಗಳೂರಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಕಲಿಸುತ್ತಾರೆ.

ಆದರೆ ಒಬ್ಬರ ಬಗ್ಗೆ ಹೇಳದೆ ಮುಗಿಸಲಾರೆ. ರಕ್ತ ಹೃದಯದ ಬಲಭಾಗದಿಂದ ಎಡಭಾಗಕ್ಕೆ ನಡುವಿನ ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಹೋಗುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದರು. ಸಾವಿರ ವರ್ಷ ಎಲ್ಲರೂ ಅದನ್ನೇ ನಂಬಿದ್ದರು. ಇಬ್ನ್ ಸೀನಾ ಅವರೂ ನಂಬಿದ್ದರು. 13ನೇ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಎಂಬ ವೈದ್ಯರು, ಅದೂ ಇಬ್ನ್ ಸೀನಾರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಾ, ಇಲ್ಲ ಎಂದರು. ಆ ಗೋಡೆ ದಪ್ಪ, ಅದರಲ್ಲಿ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶಕ್ಕೆ ಹೋಗಿ ಗಾಳಿಯ ಜೊತೆ ಬೆರೆತು ಆಮೇಲೆ ಎಡಭಾಗಕ್ಕೆ ಬರುತ್ತದೆ ಎಂದರು. ನಮ್ಮ ವಿಜ್ಞಾನ ಪುಸ್ತಕದಲ್ಲಿ ನೀಲಿ ಕೆಂಪು ಬಣ್ಣದಲ್ಲಿ ಬಿಡಿಸಿರುವ ಹೃದಯದ ಚಿತ್ರ ನೋಡಿದ್ದೀರಲ್ಲ, ಅದರಲ್ಲಿ ಶ್ವಾಸಕೋಶಕ್ಕೆ ಹೋಗಿ ಬರುವ ಬಾಣದ ಗುರುತಿದೆ. ಆ ದಾರಿಯನ್ನು ಅವರು, ರಕ್ತ ಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆ ಅವರಿಗಿಂತ ಮುನ್ನೂರು ವರ್ಷಕ್ಕೂ ಮೊದಲು ಬರೆದಿಟ್ಟಿದ್ದರು. ಆದರೂ ಆ ಮಾತು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. 1924ರಲ್ಲಿ ಈಜಿಪ್ಟಿನ ಒಬ್ಬ ವೈದ್ಯರು ಬರ್ಲಿನ್ ಗ್ರಂಥಾಲಯದ ಹಸ್ತಪ್ರತಿ ಓದಿದಾಗಲೇ ಈ ಕಾಲದ ಜಗತ್ತಿಗೆ ವಿಷಯ ಗೊತ್ತಾದದ್ದು.

ನಮ್ಮ ಜಿಲ್ಲೆಯ ಮಕ್ಕಳಿಗೆ ಈ ವಿದ್ಯೆ ದೂರದ್ದೇನೂ ಅಲ್ಲ. ಬೀದರಿನಲ್ಲಿ ಪರ್ಷಿಯಾದಿಂದ ಬಂದ ಮಹಮೂದ್ ಗಾವಾನ್ 1472ರಲ್ಲಿ ಮದ್ರಸಾ ಕಟ್ಟಿಸಿದರು. ಒಳಗೆ ದೊಡ್ಡ ಗ್ರಂಥಾಲಯವೂ ಇತ್ತು. ಬಣ್ಣದ ಹೆಂಚುಗಳ ಆ ಗೋಡೆಗಳ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡಿದ್ದೇವೆ. ಮುಂದಿನ ಸಲ ಹೋದಾಗ ಒಳಗಿನ ಕೋಣೆಗಳನ್ನೂ ನೋಡಿ. ದೂರದೂರದಿಂದ ಬಂದ ವಿದ್ಯಾರ್ಥಿಗಳು ಅಲ್ಲೇ ಉಳಿದು ಓದುತ್ತಿದ್ದರು.

ಕೊನೆಯದಾಗಿ ಒಂದು ವಿನಂತಿ. ಊಟದ ವಿರಾಮದ ನಂತರ ನಮ್ಮ ವಿಜ್ಞಾನ ಕೊಠಡಿಯ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿರುತ್ತೇವೆ. ಮೂರು ಮೊಂಬತ್ತಿ, ತೂತು ಮಾಡಿದ ಒಂದು ರಟ್ಟು ಇಟ್ಟಿರುತ್ತೇವೆ. ನಾನು ಹೇಳಿದೆ ಎಂದು ನಂಬಬೇಡಿ. ಬಂದು ಒಂದು ಮೊಂಬತ್ತಿಗೆ ನೀವೇ ಕೈ ಅಡ್ಡ ಹಿಡಿದು, ಗೋಡೆಯ ಮೇಲೆ ಯಾವ ಕಡೆಯ ಬೆಳಕು ಹೋಗುತ್ತದೆ ಎಂದು ನೋಡಿ. ಎಂಟನೇ ತರಗತಿಯವರು ಮೊದಲು ಬನ್ನಿ.

ಮಾತಾಡಲು ಅವಕಾಶ ಕೊಟ್ಟ ಗುರುಗಳಿಗೆ, ಕೇಳಿದ ನಿಮಗೆಲ್ಲ ವಂದನೆಗಳು. ಜೈ ಹಿಂದ್, ಜೈ ಕರ್ನಾಟಕ.